ಹದಿನೈದರ ವಿಮಾನ, ಹದಿನಾಲ್ಕರ ರಾತ್ರಿ

ಕಳೆದ ಮಾರ್ಚ್ 15ರ ಮಧ್ಯಾಹ್ನ ಜಹೀರಾಬಾದಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟುವ ಸದ್ದು ಕೇಳುತ್ತಿತ್ತು. ತಮ್ಮನ ಮಗ ಅಂದು ರಾತ್ರಿ ದುಬೈಗೆ ಹೊರಡುವವನಿದ್ದ. ಅವನ ತಾಯಿ ಖಡಕ್ ರೊಟ್ಟಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಇಡುತ್ತಿದ್ದಳು. ಅವನು ಟಿಕೆಟ್ಟಿನ ಹಾಳೆ ತಂದು ನನ್ನ ಕೈಗೆ ಕೊಟ್ಟು, ‘ಕಾಕಾ, ಲಗೇಜ್ ಎಷ್ಟ್ ಕಿಲೋ ಬರೆದಾರ, ಒಮ್ಮೆ ನೋಡ್ರಿ’ ಅಂದ. ನಾನು ಕಿಲೋ ನೋಡುವ ಮೊದಲು ಸಮಯ ನೋಡಿದೆ. ಹಾಳೆಯ ಮೇಲೆ ಹೀಗಿತ್ತು:

```
1  HYD DXB  15MAR  0045  0310    OK  30K
2  DXB HYD  10MAY  2205  0300+1  OK  20K
```

0045 ಅಂದರೆ ನಡುರಾತ್ರಿ ಕಳೆದು ಮುಕ್ಕಾಲು ಗಂಟೆ. 15ನೇ ತಾರೀಕು ಹುಟ್ಟಿದ ಮುಕ್ಕಾಲು ಗಂಟೆಗೇ ಆ ವಿಮಾನ ಶಂಷಾಬಾದ್ ಬಿಟ್ಟು ಹೋಗಿತ್ತು. ಹುಡುಗ ಮನೆಯಿಂದ ಹೊರಡಬೇಕಾಗಿದ್ದದ್ದು 14ರ ಸಂಜೆ. ನಮ್ಮ ಮನೆಯಲ್ಲಿ ಎಲ್ಲರೂ ‘ಹದಿನೈದರ ರಾತ್ರಿ’ ಎಂದೇ ಹೇಳಿಕೊಂಡು ತಿರುಗಿದ್ದೆವು. ಊರಿನ ಬಾಯಲ್ಲಿ ರಾತ್ರಿ ಅಂದರೆ ಹಗಲು ಮುಗಿದ ಮೇಲೆ ಬರುವುದು, ಟಿಕೆಟ್ಟಿನ ತಾರೀಕು ಹುಟ್ಟುವುದು ನಡುರಾತ್ರಿಗೆ. ಹೈದರಾಬಾದಿನಿಂದ ಕೊಲ್ಲಿಗೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುವುದರಿಂದ ಈ ತಪ್ಪು ನಮ್ಮ ಮನೆಯೊಂದರದ್ದೇ ಅಲ್ಲ. ಅದಕ್ಕೇ ಈಗ ಯಾರ ಟಿಕೆಟ್ ಕೈಗೆ ಬಂದರೂ ಸಮಯ 0000 ಮತ್ತು 0400ರ ನಡುವೆ ಇದ್ದರೆ ಪೆನ್ನಿನಿಂದ ಹಿಂದಿನ ದಿನದ ತಾರೀಕು ಬರೆದು, ‘ಈ ಸಂಜೆ ಮನೆ ಬಿಡುವುದು’ ಎಂದು ಕೆಳಗೆ ಗೆರೆ ಎಳೆದು ಕೊಡುತ್ತೇನೆ. ಎರಡನೇ ಸಾಲಿನ `+1` ಹೇಳುವುದೂ ಅದೇ ಬಗೆಯ ಮಾತು: ಹೊರಟದ್ದು 10ಕ್ಕೆ, ಬಂದಿಳಿಯುವುದು ಮರುದಿನ. ಸಮಯಗಳೆಲ್ಲ ಆಯಾ ಊರಿನ ಗಡಿಯಾರದವು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ.

ಹುಡುಗ ಏಜೆಂಟನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದದ್ದು ಒಂದೇ ಮಾತು: ‘ನಾನ್ ರೀಫಂಡೆಬಲ್ ಟಿಕೆಟ್ ಅದ, ಏನೂ ಬರಂಗಿಲ್ಲ.’ ಅವನಮ್ಮ ಒರಳು ಬಿಟ್ಟು ಗೋಡೆಗೆ ಒರಗಿ ಕೂತಳು. 19,400 ರೂಪಾಯಿಯ ಟಿಕೆಟ್, ಅದರ ಮೇಲೆ ಏಜೆಂಟನ ಕೂಲಿ 400.

ಏಜೆಂಟ ಹೇಳಿದ ಆ ಒಂದು ಮಾತು ನಿಜವಲ್ಲ. ಯಾಕೆ ನಿಜವಲ್ಲ ಎನ್ನುವುದು ಟಿಕೆಟ್ಟಿನ ಹಾಳೆಯಲ್ಲೇ ಇರುತ್ತದೆ. ನಮ್ಮ ಕಡೆಯವರಿಗೆ ಅದನ್ನು ಓದುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. 1956ರ ವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ರಾಜ್ಯಗಳು ಮರುವಿಂಗಡಣೆಯಾದಾಗ ಗಡಿ ಆಚೆ ಸರಿಯಿತು, ಮನೆಯೊಳಗಿನ ಮಾತು ಸರಿಯಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆ ಕಚೇರಿಗಳಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು ಆಡುವ ಮನುಷ್ಯನ ಕೈಗೆ ಟಿಕೆಟ್ ಬರುವುದು ಇಂಗ್ಲಿಷಿನ ಮೊಟಕು ಅಕ್ಷರಗಳಲ್ಲಿ. ಮೂರು ಭಾಷೆ ಬಲ್ಲವನೂ ಆ ಹಾಳೆಯ ಮುಂದೆ ಸುಮ್ಮನಾಗುತ್ತಾನೆ.

ನಮ್ಮ ಹುಡುಗನ ಹಾಳೆಯ ಕೆಳಭಾಗದಲ್ಲಿ ಹಣದ ಲೆಕ್ಕ ಹೀಗಿತ್ತು:

```
FARE         INR   9500
YQ           INR   4800
K3           INR    715
IN P2 AE ..  INR   4385
TOTAL        INR  19400
```

ಮೊದಲ ಸಾಲು ಮೂಲ ದರ. YQ ಎಂಬುದು ವಿಮಾನ ಸಂಸ್ಥೆ ತಾನೇ ಹಾಕುವ ಇಂಧನ ಸರ್‌ಚಾರ್ಜ್. ಕೆಲವು ಟಿಕೆಟ್ಟುಗಳಲ್ಲಿ ಇಂಥದ್ದೇ ಸಾಲು YR ಎಂದಿರುತ್ತದೆ. ತೆರಿಗೆಗಳ ಸಾಲಿನಲ್ಲಿ ಕೂತಿದ್ದರೂ ಇದು ತೆರಿಗೆಯಲ್ಲ, ಸಂಸ್ಥೆಯ ಜೇಬಿಗೆ ಹೋಗುವ ಹಣ. K3 ಎಂದರೆ ಜಿಎಸ್‌ಟಿ, ಎಕಾನಮಿ ದರ್ಜೆಗೆ ನೂರಕ್ಕೆ 5. 9,500 ಮತ್ತು 4,800 ಕೂಡಿಸಿದರೆ 14,300, ಅದರ ಮೇಲೆ ನೂರಕ್ಕೆ 5 ಹಾಕಿದರೆ 715 ಸರಿಯಾಗಿ ಬರುತ್ತದೆ. IN ಎಂದರೆ ವಿಮಾನ ನಿಲ್ದಾಣ ಪ್ರಯಾಣಿಕರಿಂದ ಪಡೆಯುವ ಬಳಕೆದಾರರ ಅಭಿವೃದ್ಧಿ ಶುಲ್ಕ, P2 ಭದ್ರತಾ ಶುಲ್ಕ, AE ದುಬೈ ಕಡೆಯ ಪ್ರಯಾಣಿಕ ಶುಲ್ಕ. ಈ ಕೊನೆಯ ಗುಂಪಿನ ಹಣ ವಿಮಾನ ಸಂಸ್ಥೆಯದ್ದಲ್ಲ. ನೀವು ಆ ನಿಲ್ದಾಣ ಬಳಸುತ್ತೀರಿ, ಆ ಭದ್ರತೆಯ ಸಾಲಿನಲ್ಲಿ ನಿಲ್ಲುತ್ತೀರಿ ಎಂದು ಸಂಸ್ಥೆ ನಿಮ್ಮಿಂದ ಪಡೆದು ಬೇರೆಯವರಿಗೆ ಮುಟ್ಟಿಸಲು ಇಟ್ಟುಕೊಂಡದ್ದು. ನೀವು ವಿಮಾನ ಹತ್ತಲೇ ಇಲ್ಲವೆಂದರೆ ಮುಟ್ಟಿಸುವ ಪ್ರಶ್ನೆಯೇ ಬರುವುದಿಲ್ಲ.

ಇದನ್ನೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತನ್ನ ರೀಫಂಡ್ ನಿಯಮದಲ್ಲಿ ಬರೆದಿದೆ. ಟಿಕೆಟ್ ರದ್ದು ಮಾಡಿದರೂ, ಬಳಸದೆ ಬಿಟ್ಟರೂ, ವಿಮಾನಕ್ಕೆ ಹೋಗದೆ ನೋ-ಶೋ ಆದರೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಬೇಕು. ಮೂಲ ದರ ವಾಪಸಿಲ್ಲದ ಅಗ್ಗದ ಟಿಕೆಟ್ಟಿಗೂ ಇದು ಅನ್ವಯ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ರದ್ದತಿ ಶುಲ್ಕ ಯಾವ ಕಾರಣಕ್ಕೂ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಕೂಡಿಸಿದ ಮೊತ್ತವನ್ನು ಮೀರಬಾರದು. ಹಾಗಾಗಿ ಟಿಕೆಟ್ಟಿನ ಮೇಲೆ NON-REF ಎಂದು ಅಚ್ಚಾಗಿದ್ದರೆ ಅದು ಮೇಲಿನ ಎರಡು ಸಾಲಿಗೆ, ನಮ್ಮ ಹುಡುಗನ ಲೆಕ್ಕದಲ್ಲಿ 14,300ಕ್ಕೆ, ಹೇಳಿದ ಮಾತು. ಕೆಳಗಿನ 4,385ಕ್ಕೆ ಅದು ತಟ್ಟುವುದಿಲ್ಲ.

ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ಭಾರತದ ಸಂಸ್ಥೆಗಳಿಗೆ ಈ ನಿಯಮ ನೇರವಾಗಿ ಅನ್ವಯಿಸುತ್ತದೆ. ವಿದೇಶಿ ಸಂಸ್ಥೆಗಳು ತಮ್ಮ ಮೂಲ ದೇಶದ ನಿಯಮದಂತೆ ರೀಫಂಡ್ ಕೊಡಬೇಕು ಎಂದು ಅದೇ ಪತ್ರದಲ್ಲಿದೆ. ಕೊಲ್ಲಿಯ ಸಂಸ್ಥೆಯ ಟಿಕೆಟ್ ಕೊಂಡಿದ್ದರೆ ಆ ಸಂಸ್ಥೆಯ ಷರತ್ತಿನ ಪುಟವನ್ನೇ ತೆರೆಯಬೇಕು. ಯಾವ ಸಂಸ್ಥೆಯದ್ದು ಎಂದು ತಿಳಿಯಲು 13 ಅಂಕಿಯ ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ ನೋಡಿದರೆ ಸಾಕು. ಏರ್ ಇಂಡಿಯಾದ್ದು 098ರಿಂದ, ಎಮಿರೇಟ್ಸ್‌ದು 176ರಿಂದ, ಸೌದಿಯಾದ್ದು 065ರಿಂದ ಶುರುವಾಗುತ್ತದೆ. ಕಡಿಮೆ ದರದ ಕೆಲವು ಸಂಸ್ಥೆಗಳು ಈ ಸಂಖ್ಯೆ ಕೊಡದೆ ಆರು ಅಕ್ಷರದ ಪಿಎನ್‌ಆರ್ ಮಾತ್ರ ಕೊಡುತ್ತವೆ. ಆಗ ಅದೇ ಗುರುತು.

ಈಗ ಹುಡುಗ 14ನೇ ತಾರೀಕಿನ ಬೆಳಿಗ್ಗೆಯೇ ತಪ್ಪನ್ನು ಕಂಡಿದ್ದ, ಹೋಗಲಾಗದೆ ಟಿಕೆಟ್ ರದ್ದು ಮಾಡಿಸಿದ ಎಂದು ಇಟ್ಟುಕೊಳ್ಳಿ. ಅವನ ಟಿಕೆಟ್ಟಿನ ಷರತ್ತಿನಲ್ಲಿ ರದ್ದತಿ ಶುಲ್ಕ ಒಂದು ಕಡೆಗೆ 4,500 ಎಂದಿತ್ತು. ಹೋಗುವುದು ಒಂದು ಕಡೆ, ಬರುವುದು ಒಂದು ಕಡೆ, ಒಟ್ಟು 9,000. ನಾನು ಕಂಡಂತೆ ಜನ ಎಡವುವುದು ಈ ಜಾಗದಲ್ಲೇ. ‘ನಾಲ್ಕೂವರೆ ಸಾವಿರ ಹೋಗ್ತದ’ ಎಂದುಕೊಂಡವರಿಗೆ ಒಂಬತ್ತು ಸಾವಿರ ಹೋದಾಗ ಮೋಸವಾಯಿತು ಅನ್ನಿಸುತ್ತದೆ. ಶುಲ್ಕ ತಲೆಗೆ ಒಂದರಂತೆ, ದಾರಿಗೆ ಒಂದರಂತೆ ಎಣಿಕೆಯಾಗುವುದೇ ಹೆಚ್ಚು. ನಾಲ್ಕು ಜನರ ಕುಟುಂಬ ಹೋಗಿ ಬರುವ ಟಿಕೆಟ್ ರದ್ದು ಮಾಡಿದರೆ ಎಂಟು ಸಲ. 14,300ರಲ್ಲಿ 9,000 ಕಳೆದರೆ 5,300. ಅದಕ್ಕೆ ನಿಲ್ದಾಣದ ಶುಲ್ಕ 4,385 ಸೇರಿದರೆ 9,685 ರೂಪಾಯಿ ಕೈಗೆ ಬರಬೇಕಿತ್ತು. ಜಿಎಸ್‌ಟಿಯ ಲೆಕ್ಕ ಸಂಸ್ಥೆ ಎಷ್ಟು ಹಿಡಿದುಕೊಂಡಿತು ಎಂಬುದರ ಮೇಲೆ ನಿಲ್ಲುವುದರಿಂದ ಅದನ್ನಿಲ್ಲಿ ಬದಿಗಿಟ್ಟಿದ್ದೇನೆ.

ರದ್ದು ಮಾಡದೆ ನೋ-ಶೋ ಆದದ್ದರಿಂದ ಮೂಲ ದರ, ಇಂಧನದ ಹಣ ಎರಡೂ ಪೂರ್ತಿ ಹೋದವು. ಉಳಿದದ್ದು 4,385. ಅಂದರೆ ಹೊರಡಲಾಗದು ಎಂದು ಗೊತ್ತಾದ ಮೇಲೂ ‘ಹೆಂಗೂ ದುಡ್ಡು ಹೋಯ್ತು’ ಎಂದು ಸುಮ್ಮನೆ ಕೂತರೆ, ಹಾಗೆ ಕೂತದ್ದಕ್ಕೇ 5,300 ರೂಪಾಯಿ ದಂಡ. ರದ್ದು ಮಾಡುವುದಕ್ಕೆ ಗಡುವೂ ಇದೆ. ವಿಮಾನ ಹೊರಡುವ ಎಷ್ಟು ಗಂಟೆ ಮೊದಲು ಎಂಬುದು ಒಂದೊಂದು ಸಂಸ್ಥೆಯಲ್ಲಿ ಒಂದೊಂದು, ಒಂದೇ ಸಂಸ್ಥೆಯ ಬೇರೆ ಬೇರೆ ದರದ ಟಿಕೆಟ್ಟಿನಲ್ಲೂ ಬೇರೆ. ಟಿಕೆಟ್ ಕೊಂಡ ದಿನವೇ ಆ ಗಡುವನ್ನು ಹಾಳೆಯ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.

ನೋ-ಶೋ ಎಂದರೆ ವಿಮಾನ ಹಾರಿಹೋದ ಮೇಲೆ ಬರುವುದು ಎಂದೇ ಹೆಚ್ಚಿನವರ ತಿಳಿವಳಿಕೆ. ಹಾಗಲ್ಲ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ, ಕೆಲವು ಸಂಸ್ಥೆಗಳಲ್ಲಿ ಅದಕ್ಕೂ ಮುಂಚೆ. ವಿಮಾನ ಕಣ್ಣೆದುರು ನಿಂತಿದ್ದರೂ ಕೌಂಟರ್ ಮುಚ್ಚಿದ ಕ್ಷಣಕ್ಕೆ ನೀವು ನೋ-ಶೋ. ಜಹೀರಾಬಾದಿನಿಂದ 65ನೇ ಹೆದ್ದಾರಿ ಹಿಡಿದು, ಪಟಾನ್‌ಚೆರು ಬಳಿ ಹೊರವರ್ತುಲ ರಸ್ತೆ ಏರಿ ಶಂಷಾಬಾದಿಗೆ ಹೋಗುವವರಿಗೂ, ತಾಂಡೂರಿನಿಂದ ವಿಕಾರಾಬಾದ್, ಚೇವೆಳ್ಳ ಮೇಲೆ ಹೋಗುವವರಿಗೂ ದಾರಿ ಎರಡೂವರೆ ಮೂರು ಗಂಟೆಯದು. ಬೀಳ್ಕೊಡಲು ಬಂದ ನೆಂಟರು ಝರಾಸಂಗದ ಕೇತಕಿ ಸಂಗಮೇಶ್ವರನಿಗೆ ಕೈಮುಗಿದು ಹೋಗೋಣ ಅನ್ನುತ್ತಾರೆ. ಮುಗಿಯಲೇಬೇಕು, ಆದರೆ ಅದನ್ನು ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ.

ನಮ್ಮ ಹುಡುಗನಿಗೆ ಇನ್ನೊಂದು ಆಸೆ ಉಳಿದಿತ್ತು. ‘ಹೋಗೋದು ಹೋಯ್ತು, ಬರೋ ಟಿಕೆಟ್ ಅದಲ್ಲ ಕಾಕಾ, ಬೇರೆ ಟಿಕೆಟ್ ತಗೊಂಡು ಹೋಗಿ ಅದರಾಗೇ ಬರ್ತೀನಿ.’ ಆಗುವುದಿಲ್ಲ. ಹೋಗಿ ಬರುವ ಟಿಕೆಟ್ಟಿನ ಸಾಲುಗಳನ್ನು ಬರೆದ ಕ್ರಮದಲ್ಲೇ ಬಳಸಬೇಕು ಎನ್ನುವುದು ಬಹುತೇಕ ಸಂಸ್ಥೆಗಳ ಷರತ್ತು. ಮೊದಲ ಸಾಲು ತಪ್ಪಿದರೆ ಎರಡನೆಯದೂ ತಾನಾಗಿ ಬಿದ್ದುಹೋಗುತ್ತದೆ. ಎರಡು ತಿಂಗಳ ನಂತರ ದುಬೈ ಕೌಂಟರಿನಲ್ಲಿ ನಿಂತು ಈ ಮಾತು ಕೇಳುವ ಗತಿ ಅವನಿಗೆ ಬರಲಿಲ್ಲ ಎನ್ನುವುದೊಂದೇ ಸಮಾಧಾನ.

ಇದರ ತಿರುವುಮುರುವು ನಾರಾಯಣಖೇಡದ ಪರಿಚಿತರೊಬ್ಬರ ಮನೆಯಲ್ಲಾಯಿತು. ವಿಸಿಟ್ ವೀಸಾಕ್ಕೆ ತೋರಿಸಲು ಹೋಗಿ ಬರುವ ಟಿಕೆಟ್ ಮಾಡಿಸಿದ್ದರು. ಮಗನಿಗೆ ಅಲ್ಲೇ ಕೆಲಸ ಸಿಕ್ಕಿತು, ಬರುವ ಟಿಕೆಟ್ ಹಾಗೇ ಉಳಿಯಿತು. ಅರ್ಧ ಟಿಕೆಟ್ ಉಳಿದಿದೆ, ಅರ್ಧ ಹಣ ಬಂದೀತು ಎಂದು ಅವರು ನಂಬಿದ್ದರು. ವಿಮಾನ ಸಂಸ್ಥೆಯ ಲೆಕ್ಕ ಹಾಗೆ ನಡೆಯುವುದಿಲ್ಲ. ಒಂದೇ ಕಡೆಗೆ ಟಿಕೆಟ್ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ನೋಡಿ, ಅದನ್ನು ಒಟ್ಟು ದರದಿಂದ ಕಳೆದು, ಉಳಿದದ್ದರಲ್ಲಿ ರದ್ದತಿ ಶುಲ್ಕ ಹಿಡಿಯುತ್ತಾರೆ. ಹೋಗಿ ಬರುವ ಟಿಕೆಟ್ ಅಗ್ಗವಿದ್ದಷ್ಟೂ ಉಳಿಯುವುದು ಕಡಿಮೆ, ಎಷ್ಟೋ ಸಲ ಸೊನ್ನೆ. ಆದರೂ ಬಳಸದ ಆ ಒಂದು ದಾರಿಯ ನಿಲ್ದಾಣ ಶುಲ್ಕ ಇರುತ್ತದಲ್ಲ, ಅದನ್ನು ಕೇಳಬೇಕು. ಅವರು ಕೇಳಿರಲಿಲ್ಲ, ಕೇಳಬಹುದು ಎಂದು ಅವರಿಗೆ ಯಾರೂ ಹೇಳಿಯೂ ಇರಲಿಲ್ಲ.

ಕೊಂಡ ಕೂಡಲೇ ತಪ್ಪು ಕಂಡರೆ ದಾರಿ ಸುಲಭ. 2019ರ ಫೆಬ್ರುವರಿಯಲ್ಲಿ ವಿಮಾನಯಾನ ಸಚಿವಾಲಯ ಹೊರತಂದ ಪ್ರಯಾಣಿಕರ ಹಕ್ಕುಪತ್ರದಲ್ಲಿ, ಬುಕ್ ಮಾಡಿದ 24 ಗಂಟೆಯೊಳಗೆ ಶುಲ್ಕವಿಲ್ಲದೆ ರದ್ದು ಮಾಡುವ ಅವಕಾಶ ಬರೆದಿದೆ, ಆದರೆ ಪ್ರಯಾಣಕ್ಕೆ ಕನಿಷ್ಠ 7 ದಿನ ಇರಬೇಕು. ಅದೇ 24 ಗಂಟೆಯಲ್ಲಿ ಹೆಸರಿನ ಅಕ್ಷರದ ತಪ್ಪನ್ನೂ ಬಿಟ್ಟಿಯಾಗಿ ತಿದ್ದಿಸಬಹುದು. 2025ರ ನವೆಂಬರಿನಲ್ಲಿ ಡಿಜಿಸಿಎ ಈ ಅವಧಿಯನ್ನು 48 ಗಂಟೆಗೆ ಏರಿಸುವ ಕರಡು ಹೊರಡಿಸಿತು. ಬುಕ್ ಮಾಡುವ ದಿನ ಜಾರಿಯಲ್ಲಿರುವ ಗಡುವು ಯಾವುದೆಂದು ಸಂಸ್ಥೆಯ ಪುಟದಲ್ಲೇ ನೋಡಿಕೊಳ್ಳಿ. ನಾನು ಹೇಳುವುದಿಷ್ಟು: ಏಜೆಂಟನ ಅಂಗಡಿಯ ಕಟ್ಟೆಯ ಮೇಲೆಯೇ ಪಾಸ್‌ಪೋರ್ಟ್ ಬಿಚ್ಚಿ ಟಿಕೆಟ್ಟಿನ ಪಕ್ಕ ಇಟ್ಟು ಹೆಸರು, ತಾರೀಕು, ಸಮಯ ಓದಿಸಿಕೊಳ್ಳಿ. ಹಾಳೆಯನ್ನು ಮಡಚಿ ಜೇಬಿಗಿಟ್ಟು ಊರಿಗೆ ಬಂದು ವಾರದ ಮೇಲೆ ಬಿಚ್ಚಿದರೆ ಆ ಗಡುವು ಮುಗಿದಿರುತ್ತದೆ.

ಇನ್ನು ಹುಡುಗ ಮೊದಲು ಕೇಳಿದ ಕಿಲೋ ಲೆಕ್ಕ. ಹಾಳೆಯ ಮೊದಲ ಸಾಲಿನ ಕೊನೆಗೆ 30K, ಎರಡನೆಯದರ ಕೊನೆಗೆ 20K ಇತ್ತು. ಹೋಗುವಾಗ 30 ಕಿಲೋ, ಬರುವಾಗ 20. ಒಂದೇ ಟಿಕೆಟ್ಟಿನಲ್ಲಿ ಎರಡು ತೂಕ ಇರಬಹುದು ಎಂದು ನಮ್ಮವರಿಗೆ ಹೊಳೆಯುವುದೇ ಇಲ್ಲ. ಮೇಲಿನ ಸಾಲು ಓದಿ, ಅದನ್ನೇ ನಂಬಿ, ಬರುವಾಗ ಕಂಬಳಿ, ಖರ್ಜೂರ ತುಂಬಿಕೊಂಡು ಅಲ್ಲಿ ಕಿಲೋಗಿಷ್ಟು ಎಂದು ದಿರಹಂ ತೆರುತ್ತಾರೆ. ಕಿಲೋ ಬದಲು 1PC ಅಥವಾ 2PC ಎಂದಿದ್ದರೆ ಅದು ಚೀಲಗಳ ಎಣಿಕೆ. ಆಗ ಪ್ರತಿ ಚೀಲಕ್ಕೆ ಎಷ್ಟು ಕಿಲೋ ಎಂಬುದು ಬೇರೆಯಾಗಿ ಬರೆದಿರುತ್ತದೆ, 23 ಎನ್ನುವುದು ಹೆಚ್ಚು ಕಾಣುವ ಅಂಕಿ. 1PC ಇದ್ದವರು ಹತ್ತು ಹತ್ತು ಕಿಲೋದ ಎರಡು ಚೀಲ ತಂದರೆ ಎರಡನೆಯದಕ್ಕೆ ಹಣ ಕಟ್ಟಬೇಕು, ಒಟ್ಟು ತೂಕ ಕಡಿಮೆಯಿದ್ದರೂ. ಕಿಲೋ ಲೆಕ್ಕವಿದ್ದರೂ ಒಂದೇ ಚೀಲ 32 ಕಿಲೋ ದಾಟುವಂತಿಲ್ಲ, ಅದು ಎತ್ತಿಳಿಸುವ ಕೂಲಿಯವರ ಬೆನ್ನಿಗಾಗಿ ಇರುವ ಮಿತಿ. ಆ ಜಾಗದಲ್ಲಿ NIL ಅಥವಾ 0PC ಕಂಡರೆ ಕೈಚೀಲ ಬಿಟ್ಟು ಬೇರೇನೂ ಇಲ್ಲ ಎಂದರ್ಥ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ‘ಲೈಟ್’ ದರ ಇಂಥದ್ದು. ಲಗೇಜಿಲ್ಲದೆ ಹೋಗುವವರಿಗೆ ಅದು ಒಳ್ಳೆಯ ದರ. ತಾಂಡೂರಿನ ತೊಗರಿಬೇಳೆ ಹತ್ತು ಕಿಲೋ ಕಟ್ಟಿಕೊಂಡು ಹೋಗುವವರು ಅದನ್ನು ಕೊಂಡರೆ ಅಗ್ಗದ ಟಿಕೆಟ್ಟೇ ದುಬಾರಿಯಾಗುತ್ತದೆ. ಹೆಚ್ಚಿನ ಕಿಲೋ ಬೇಕೆಂದರೆ ಮನೆಯಿಂದಲೇ ಮುಂಚಿತವಾಗಿ ಕೊಳ್ಳಿ, ಕೌಂಟರಿನಲ್ಲಿ ಅದರ ಬೆಲೆ ಏರುತ್ತದೆ.

ತೂಕದ ಮಾತು ಬಂದಾಗ ಒಳಗಿರುವ ವಸ್ತುವಿನ ಮಾತೂ ಬರಬೇಕು. ನಮ್ಮ ತಾಯಂದಿರು ಚಟ್ನಿಗೆಂದು ಕಟ್ಟಿಕೊಡುವ ಒಣ ಕೊಬ್ಬರಿ ವಿಮಾನದಲ್ಲಿ ಬೆಂಕಿಯ ಭಯವಿರುವ ವಸ್ತುಗಳ ಪಟ್ಟಿಯಲ್ಲಿದೆ, ಅದನ್ನು ತೆಗೆಸುತ್ತಾರೆ. ಗಸಗಸೆಯನ್ನಂತೂ ದುಬೈ ಕಡೆ ಒಂದು ಚಮಚವೂ ಒಯ್ಯಬಾರದು. ಅಲ್ಲಿ ಅದು ಮಾದಕವಸ್ತುವಿನ ಕಾನೂನಿಗೆ ಒಳಪಡುತ್ತದೆ, ಜನ ಜೈಲು ಕಂಡಿದ್ದಾರೆ. ಖಡಕ್ ರೊಟ್ಟಿಗೂ ಶೇಂಗಾ ಹಿಂಡಿಗೂ ಈ ತೊಂದರೆಯಿಲ್ಲ.

ಬೀದರ್ ವಿಮಾನ ನಿಲ್ದಾಣ ಜಹೀರಾಬಾದಿಗೆ ಶಂಷಾಬಾದಿಗಿಂತ ಬಹಳ ಹತ್ತಿರ. 2020ರ ಫೆಬ್ರುವರಿಯಲ್ಲಿ ಶುರುವಾಗಿ, ನಡುವೆ ನಿಂತು, 2025ರ ಏಪ್ರಿಲಿನಲ್ಲಿ ಸ್ಟಾರ್ ಏರ್‌ನ ಬೆಂಗಳೂರು ವಿಮಾನದೊಂದಿಗೆ ಮತ್ತೆ ತೆರೆಯಿತು. ಬೀದರಿನಿಂದ ಬೆಂಗಳೂರು, ಅಲ್ಲಿಂದ ದುಬೈ ಎಂದು ಎರಡು ಟಿಕೆಟ್ ಬೇರೆ ಬೇರೆ ಮಾಡಿಸುವ ಆಲೋಚನೆ ಈಗ ಕೆಲವರಲ್ಲಿದೆ. ಎರಡು ಪಿಎನ್‌ಆರ್ ಎಂದರೆ ಎರಡು ಬೇರೆ ಒಪ್ಪಂದ ಎನ್ನುವುದನ್ನು ಅವರು ತಿಳಿದಿರಬೇಕು. ಮೊದಲನೆಯದು ಮಂಜಿಗೆ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆಗೆ ಅದು ಬರೀ ನೋ-ಶೋ. ಲಗೇಜೂ ಹಾಗೇ: ದೇಶದೊಳಗಿನ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ, ದುಬೈ ಟಿಕೆಟ್ಟಿನ 30 ಕಿಲೋ ಬೀದರಿನಲ್ಲಿ ನಡೆಯುವುದಿಲ್ಲ.

ವಿಮಾನ ಸಂಸ್ಥೆಯೇ ಹಾರಾಟ ರದ್ದು ಮಾಡಿದರೆ ಅಥವಾ ಸಮಯವನ್ನು ಬಹಳ ಬದಲಿಸಿದರೆ ಅವಸರಪಟ್ಟು ನೀವಾಗಿ ರದ್ದು ಮಾಡಿಸಬೇಡಿ. ನೀವು ರದ್ದು ಮಾಡಿದರೆ ನಿಮ್ಮ ಶುಲ್ಕ ಬೀಳುತ್ತದೆ. ಅವರು ಕಳಿಸಿದ ಸಂದೇಶ ತೋರಿಸಿ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಿ.

ಮಾರ್ಚ್ 15ರ ಸಂಜೆಗೆ ಮತ್ತೆ ಬರುತ್ತೇನೆ. ಹುಡುಗ ಹೊಸ ಟಿಕೆಟ್ಟಿಗೆ ಸಾಲ ಮಾಡಿ ಎರಡು ದಿನ ಬಿಟ್ಟು ಹೋದ. ನಾನು ಹಳೆಯ ಹಾಳೆ ಹಿಡಿದು ಏಜೆಂಟನ ಅಂಗಡಿಗೆ ಹೋದೆ. ಅವನು ಮತ್ತೆ ‘ನಾನ್ ರೀಫಂಡೆಬಲ್’ ಅಂದ. ಮೂಲ ದರ ನಾನು ಕೇಳುತ್ತಿಲ್ಲ, ಬಳಸದ ಶುಲ್ಕ ಕೇಳುತ್ತಿದ್ದೇನೆ ಎಂದೆ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ, ವಿಮಾನ ಸಂಸ್ಥೆಯವರನ್ನು ಕೇಳಿ ಎಂದ. ಏಜೆಂಟನ ಮೂಲಕ ಕೊಂಡ ಟಿಕೆಟ್ಟಿಗೂ ರೀಫಂಡಿನ ಹೊಣೆ ವಿಮಾನ ಸಂಸ್ಥೆಯದ್ದೇ, ಏಜೆಂಟ ಅದರ ಪ್ರತಿನಿಧಿ ಮಾತ್ರ ಎಂದು ಡಿಜಿಸಿಎ ನಿಯಮದಲ್ಲಿದೆ. 2016ರ ತಿದ್ದುಪಡಿಯಲ್ಲಿ ಇದಕ್ಕೆ 30 ಕೆಲಸದ ದಿನಗಳ ಗಡುವು ಹಾಕಿದ್ದರು. ರೀಫಂಡ್ ಕೊಡುವುದಕ್ಕೇ ಬೇರೆ ಶುಲ್ಕ ಹಾಕುವಂತಿಲ್ಲ, ಹಣದ ಬದಲು ಮುಂದಿನ ಪ್ರಯಾಣಕ್ಕೆ ಜಮಾ ಇಟ್ಟುಕೊಳ್ಳುವುದು ಪ್ರಯಾಣಿಕನ ಇಷ್ಟವೇ ಹೊರತು ಸಂಸ್ಥೆಯದ್ದಲ್ಲ ಎಂದೂ ಅದರಲ್ಲಿದೆ. ನಾನು ಸಂಸ್ಥೆಗೆ ನಾಲ್ಕು ಸಾಲಿನ ಮಿಂಚಂಚೆ ಬರೆದೆ: ಪಿಎನ್‌ಆರ್, ಟಿಕೆಟ್ ಸಂಖ್ಯೆ, ಪ್ರಯಾಣದ ತಾರೀಕು, ‘ಬಳಸದ ಟಿಕೆಟ್ಟಿನ ನಿಲ್ದಾಣ ಶುಲ್ಕ ಮತ್ತು ತೆರಿಗೆ ಹಿಂದಿರುಗಿಸಿ’ ಎಂಬ ಕೋರಿಕೆ. ಉತ್ತರ ಬಾರದಿದ್ದರೆ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕುವುದು ಎಂದು ಇಟ್ಟುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ಹಣ ಏಜೆಂಟನ ಖಾತೆಗೆ ಬಂದು ಬಿದ್ದ ಸುದ್ದಿ ಸಂಸ್ಥೆಯಿಂದಲೇ ಬಂತು. ಅದನ್ನು ತೋರಿಸಿದ ಮೇಲೆ ಅವನು ತನ್ನ ಕೂಲಿ 500 ಮುರಿದುಕೊಂಡು ಉಳಿದದ್ದನ್ನು ಹುಡುಗನ ತಾಯಿಯ ಕೈಗೆ ಎಣಿಸಿದ: 3,885 ರೂಪಾಯಿ.

ನಿಮ್ಮ ಮನೆಯ ಕಪಾಟಿನಲ್ಲೂ ಬಳಸದೆ ಉಳಿದ ಟಿಕೆಟ್ ಇರಬಹುದು. ಅದನ್ನು ಹೊರತೆಗೆದು TOTALನ ಮೇಲಿನ ಸಾಲು ನೋಡಿ, ತಡಮಾಡದೆ ಈ ವಾರವೇ ಸಂಸ್ಥೆಗೆ ಬರೆಯಿರಿ.